ಪರದೆಯ ಮೇಲೆ ಪರರ ಕೈ

ನೂರಾರು ಮೈಲಿ ದೂರದಲ್ಲಿ ಕುಳಿತ ತಂತ್ರಜ್ಞನು ನಮ್ಮ ಕಂಪ್ಯೂಟರನ್ನು ಮುಟ್ಟದೆಯೇ ದುರಸ್ತಿ ಮಾಡಬಲ್ಲನು. ನಾವು ನೋಡುತ್ತಿರುವಂತೆಯೇ ಪರದೆಯ ಮೇಲಿನ ಬಾಣವು ತಾನಾಗಿ ಸರಿಯುತ್ತದೆ. ಕಿಟಕಿಗಳು ತೆರೆಯುತ್ತವೆ, ಮುಚ್ಚುತ್ತವೆ. ಇಂಥ ಅಧಿಕಾರವನ್ನು ಪರರಿಗೆ ಕೊಡುವುದು ಹೇಗೆ? ಕೊಟ್ಟುದನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯುವುದು ಹೇಗೆ?

ಈ ಏರ್ಪಾಡಿನಲ್ಲಿ ಎರಡು ಪ್ರವಾಹಗಳಿವೆ. ಮೊದಲನೆಯದು ನಮ್ಮ ಪರದೆಯ ಚಿತ್ರ. ಇದು ನಮ್ಮಿಂದ ತಂತ್ರಜ್ಞನತ್ತ ಹರಿಯುತ್ತದೆ. ಎರಡನೆಯದು ಆತನ ಮೌಸಿನ ಚಲನೆ ಮತ್ತು ಕೀಲಿಮಣೆಯ ಒತ್ತು; ಇದು ಆತನಿಂದ ನಮ್ಮತ್ತ ಹರಿಯುತ್ತದೆ. ಮೊದಲನೆಯದು ಮಾತ್ರ ಇದ್ದಾಗ ಆತನು ಬರಿಯ ಪ್ರೇಕ್ಷಕ. ಎರಡನೆಯದೂ ಸೇರಿದಾಗ ಆತನು ಕರ್ತೃವಾಗುತ್ತಾನೆ. ದೂರದಿಂದ ಬಂದ ಒತ್ತನ್ನು ಕಂಪ್ಯೂಟರು ಬಹುಮಟ್ಟಿಗೆ ನಮ್ಮದೇ ಒತ್ತೆಂದು ಭಾವಿಸುತ್ತದೆ. ಆದುದರಿಂದ ನಮ್ಮ ಕಡತಗಳನ್ನು, ನಾವು ತೆರೆದಿಟ್ಟ ಅಂಚೆಪೆಟ್ಟಿಗೆಯನ್ನು, ಬ್ರೌಸರಿನಲ್ಲಿ ಉಳಿಸಿದ ಖಾತೆಗಳನ್ನು ಆತನೂ ಬಳಸಬಲ್ಲನು.

ಒಂದು ನಿದರ್ಶನವನ್ನು ನೋಡೋಣ. ವಿದ್ಯಾರ್ಥಿಯೊಬ್ಬನ ಪ್ರಿಂಟರು ಕೆಲಸ ಮಾಡುತ್ತಿಲ್ಲವೆನ್ನಿ. ಆತನು ಪ್ರಿಂಟರಿನ ಕೈಪಿಡಿಯಲ್ಲಿ ಅಚ್ಚಾದ ಸಂಖ್ಯೆಗೆ ತಾನೇ ಕರೆ ಮಾಡುತ್ತಾನೆ. ಮೊದಲ ರಕ್ಷಣೆ ಇಲ್ಲಿಯೇ ಇದೆ: ಕರೆ ನಮ್ಮಿಂದ ಹೊರಡಬೇಕು, ತಾನಾಗಿ ಬಂದ ಕರೆಯನ್ನು ನಂಬಲಾಗದು. ಅನಂತರ ಆತನು ಅಂಚೆ, ಬ್ಯಾಂಕು ಮೊದಲಾದ ಕಿಟಕಿಗಳನ್ನೆಲ್ಲ ಮುಚ್ಚಿ, ಆ ಖಾತೆಗಳಿಂದ ನಿರ್ಗಮಿಸುತ್ತಾನೆ.

ವಿಂಡೋಸಿನಲ್ಲಿ Quick Assist ಎಂಬ ಸಾಧನವಿದೆ. Ctrl, Windows ಮತ್ತು Q ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ತೆರೆಯುತ್ತದೆ. ತಂತ್ರಜ್ಞನು ತನ್ನ ಕಡೆ ಒಂದು ಭದ್ರತಾ ಸಂಕೇತವನ್ನು ಪಡೆದು ಫೋನಿನಲ್ಲಿ ಹೇಳುತ್ತಾನೆ. ಅದರ ಆಯುಸ್ಸು 10 ನಿಮಿಷ ಮಾತ್ರ. ವಿದ್ಯಾರ್ಥಿಯು ಅದನ್ನು ನಮೂದಿಸಿ Allow ಒತ್ತಿದಾಗ ಚಿತ್ರದ ಪ್ರವಾಹ ಮೊದಲಾಗುತ್ತದೆ. ನಿಯಂತ್ರಣ ಬೇಕಾದರೆ ತಂತ್ರಜ್ಞನು ಬೇರೆಯಾಗಿ ಕೇಳಬೇಕು. ವಿದ್ಯಾರ್ಥಿಯು ಮತ್ತೊಮ್ಮೆ ಒಪ್ಪಬೇಕು. ಬಾಯಿಮಾತಿನ ಸಲಹೆಯೇ ಸಾಕಾಗುವಲ್ಲಿ ಈ ಎರಡನೆಯ ಒಪ್ಪಿಗೆಯನ್ನು ಕೊಡದಿರುವುದೇ ಲೇಸು.

ತಂತ್ರಜ್ಞನು ಪ್ರಿಂಟರಿನ ಹೊಸ ಚಾಲಕ ತಂತ್ರಾಂಶವನ್ನು ಸ್ಥಾಪಿಸಲು ಹೊರಟಾಗ ಪರದೆ ಮಂಕಾಗಿ, ಬದಲಾವಣೆಗೆ ಅನುಮತಿ ಉಂಟೇ ಎಂಬ ಪ್ರಶ್ನೆ ಮೂಡುತ್ತದೆ. ವಿಂಡೋಸಿನ ಸಾಮಾನ್ಯ ಏರ್ಪಾಡಿನಲ್ಲಿ ಈ ಪ್ರಶ್ನೆ ಪ್ರತ್ಯೇಕವಾದ ಪರದೆಯೊಂದರ ಮೇಲೆ ಬರುತ್ತದೆ. ದೂರದ ಒತ್ತು ಅದನ್ನು ತಲಪಲಾರದು. ಯಂತ್ರದ ಮುಂದೆ ಕುಳಿತವನೇ ಉತ್ತರಿಸಬೇಕು. ಸ್ಥಾಪನೆಯಾಗುತ್ತಿರುವ ತಂತ್ರಾಂಶದ ಹೆಸರನ್ನು ಓದಿ ಒಪ್ಪಬೇಕಾದ ಘಳಿಗೆ ಇದು. ಆದರೆ ಈ ಕಾವಲಿಗೂ ಮಿತಿಯುಂಟು. ಕಡತವನ್ನು ನಕಲು ಮಾಡಲು, ಕೆಲವು ಸಣ್ಣ ತಂತ್ರಾಂಶಗಳನ್ನು ನಡೆಸಲು ಇಂಥ ಅನುಮತಿ ಬೇಕಾಗುವುದಿಲ್ಲ.

ಕೆಲಸ ಮುಗಿದಮೇಲೆ ವಿದ್ಯಾರ್ಥಿಯು Leave ಒತ್ತಿದರೆ ಎರಡು ಪ್ರವಾಹಗಳೂ ನಿಲ್ಲುತ್ತವೆ. ಹಳೆಯ ಸಂಕೇತದಿಂದ ಮತ್ತೆ ಒಳಗೆ ಬರುವಂತಿಲ್ಲ. ಆದರೆ ಕೊಟ್ಟ ಅಧಿಕಾರ ಪೂರ್ತಿಯಾಗಿ ಹಿಂದಕ್ಕೆ ಬಂದಿತೇ? ಪ್ರವಾಹ ನಿಂತಿತೆಂದ ಮಾತ್ರಕ್ಕೆ, ಅದು ಹರಿಯುತ್ತಿದ್ದಾಗ ಆದ ಬದಲಾವಣೆಗಳು ಅಳಿಯುವುದಿಲ್ಲ.

2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಪ್ರಕಟಿಸಿದ ವರದಿಯೊಂದು ಇದನ್ನು ಸ್ಪಷ್ಟಪಡಿಸುತ್ತದೆ. ವಂಚಕರ ಗುಂಪೊಂದು ಮೊದಲು ಒಬ್ಬರ ಅಂಚೆಪೆಟ್ಟಿಗೆಯನ್ನು ಬೇಡದ ಪತ್ರಗಳಿಂದ ತುಂಬಿಸುತ್ತಿತ್ತು. ಬಳಿಕ ನೆರವು ನೀಡುವವರ ಸೋಗಿನಲ್ಲಿ ಕರೆಮಾಡಿ, Quick Assist ತೆರೆಯಿಸಿ, ನಿಯಂತ್ರಣವನ್ನು ಪಡೆಯುತ್ತಿತ್ತು. ದೊರೆತ ಅವಕಾಶದಲ್ಲಿ ಅದು ಸ್ಕ್ರೀನ್‌ಕನೆಕ್ಟ್ ಮುಂತಾದ ಬೇರೆ ದೂರನಿಯಂತ್ರಣ ತಂತ್ರಾಂಶಗಳನ್ನು ಒಳಗೆ ಇಳಿಸುತ್ತಿತ್ತು. ಇವುಗಳಿಗೆ ಪ್ರತಿ ಸಲವೂ ಮಾಲೀಕನ ಒಪ್ಪಿಗೆ ಬೇಕಿಲ್ಲ. ಮುಂಬಾಗಿಲಿಗೆ ಬೀಗ ಬಿದ್ದರೂ ಹಿತ್ತಲ ಬಾಗಿಲು ತೆರೆದಿದ್ದಂತಾಯಿತು.

ಆದಕಾರಣ ನಮ್ಮ ವಿದ್ಯಾರ್ಥಿಯು Leave ಒತ್ತಿದ ಮೇಲೆ Settings, ಅದರೊಳಗೆ Apps, ಅದರೊಳಗೆ Installed apps ತೆರೆದು, ಪಟ್ಟಿಯನ್ನು ಸ್ಥಾಪನೆಯ ದಿನಾಂಕದಂತೆ ಜೋಡಿಸಿ ನೋಡಬೇಕು. ಆ ದಿನದ ಸಾಲಿನಲ್ಲಿ ಪ್ರಿಂಟರಿನ ತಂತ್ರಾಂಶವಿದ್ದರೆ ಸರಿ. ಎನಿಡೆಸ್ಕ್, ಟೀಮ್‌ವ್ಯೂಯರ್‌ಗಳಂಥ ಹೆಸರು ಕಂಡರೆ, ತಾನು ಬೇಕೆಂದು ಇಟ್ಟುಕೊಂಡದ್ದಲ್ಲವಾದರೆ, ತೆಗೆದುಹಾಕಬೇಕು. ಸ್ಥಾಪನೆಯಿಲ್ಲದೆಯೇ ನಡೆಯುವ ತಂತ್ರಾಂಶಗಳು ಈ ಪಟ್ಟಿಗೆ ಬಾರವು. ಅವುಗಳಿಗಾಗಿ Downloads ಕೋಶವನ್ನೂ ನೋಡಬೇಕು. Accounts ವಿಭಾಗದ Other users ಎಂಬಲ್ಲಿ ಅಪರಿಚಿತ ಹೆಸರಿದ್ದರೆ ಅದೂ ಒಂದು ಹಿತ್ತಲ ಬಾಗಿಲೇ.

ಕರೆ ಮಾಡಿದವನೇ ವಂಚಕನೆಂದು ಸಂಶಯ ಬಂದರೆ ಇಷ್ಟು ಸಾಲದು. ಮೊದಲು ಅಂತರ್ಜಾಲದ ಸಂಪರ್ಕವನ್ನು ಕಡಿಯಬೇಕು. ಗುಪ್ತಪದಗಳನ್ನು ಬೇರೊಂದು ಯಂತ್ರದಿಂದ ಬದಲಿಸಬೇಕು. ಅದೇ ಯಂತ್ರದಲ್ಲಿ ಬದಲಿಸಿದರೆ ಹೊಸ ಪದವೂ ವಂಚಕನ ಕಣ್ಣಿಗೆ ಬೀಳಬಹುದು. ಖಾತೆಗಳಲ್ಲಿ ಎಲ್ಲ ಕಡೆಯಿಂದಲೂ ನಿರ್ಗಮಿಸುವ ಸೌಲಭ್ಯವಿದ್ದರೆ ಅದನ್ನೂ ಬಳಸಬೇಕು. ಹಣ ಹೋಗಿದ್ದರೆ ಭಾರತದಲ್ಲಿ ತಡಮಾಡದೆ ಬ್ಯಾಂಕಿಗೂ 1930 ಸಂಖ್ಯೆಗೂ ತಿಳಿಸಬೇಕು. ಅಡಗಿದುದೆಲ್ಲವೂ ಪಟ್ಟಿಯಲ್ಲಿ ಕಾಣುವುದಿಲ್ಲವಾದ್ದರಿಂದ, ಕಡತಗಳನ್ನು ಉಳಿಸಿಕೊಂಡು ವಿಂಡೋಸನ್ನೇ ಹೊಸದಾಗಿ ಸ್ಥಾಪಿಸುವುದು ಕೊನೆಯ ಖಚಿತವಾದ ಮಾರ್ಗ.