ಸೀಟಿ ಊದಿದ ಮೇಲೆ ಅವಸರ ಬೇಡ

ಪೆನಾಲ್ಟಿ ಶೂಟೌಟ್‌ನಲ್ಲಿ ಚೆಂಡಿಗೂ ಗೋಲಿಗೂ ಇರುವ ಅಂತರ 11 ಮೀಟರ್. ಅಭ್ಯಾಸದಲ್ಲಿ ಅಲ್ಲಿಂದ ಸಲೀಸಾಗಿ ಗೋಲು ಹೊಡೆಯುವವರೇ ವಿಶ್ವಕಪ್‌ನಲ್ಲಿ ಎಡವುತ್ತಾರೆ. ಯಾಕೆ?

ನಾರ್ವೆಯ ಕ್ರೀಡಾ ಮನಶ್ಶಾಸ್ತ್ರಜ್ಞ ಗೇರ್ ಯೋರ್ಡೆಟ್ ದೊಡ್ಡ ಟೂರ್ನಿಗಳ ಶೂಟೌಟ್ ವಿಡಿಯೊಗಳನ್ನು ನೋಡಿ, ರೆಫರಿ ಸೀಟಿ ಊದಿದ ಮೇಲೆ ಆಟಗಾರ ಎಷ್ಟು ಹೊತ್ತಿಗೆ ಓಟ ಶುರುಮಾಡುತ್ತಾನೆ ಎಂದು ಅಳೆದರು. ಸೀಟಿ ಕೇಳಿದ ತಕ್ಷಣ ನುಗ್ಗಿದವರು ತುಸು ತಡೆದು ಹೊರಟವರಿಗಿಂತ ಹೆಚ್ಚು ಬಾರಿ ಗುರಿ ತಪ್ಪಿದ್ದರು. ಅತಿ ಅವಸರದವರಲ್ಲಿ ಇಂಗ್ಲೆಂಡ್ ಆಟಗಾರರೂ ಇದ್ದರು. ಸಾವಿರಾರು ಕಣ್ಣುಗಳ ಎದುರು ಒಂಟಿಯಾಗಿ ನಿಂತಾಗ ಕಾಯುವುದೇ ಸಂಕಟ. ಒಮ್ಮೆ ಮುಗಿದರೆ ಸಾಕು ಎನ್ನಿಸಿ ಕಾಲು ತಾನಾಗಿ ಓಡುತ್ತದೆ.

1990ರಿಂದ 2012ರವರೆಗೆ ವಿಶ್ವಕಪ್ ಮತ್ತು ಯೂರೋ ಕಪ್‌ಗಳಲ್ಲಿ ಇಂಗ್ಲೆಂಡ್ ಏಳು ಶೂಟೌಟ್ ಆಡಿ ಆರರಲ್ಲಿ ಸೋತಿತ್ತು. 1996ರಲ್ಲಿ ಜರ್ಮನಿಯ ವಿರುದ್ಧ ಪೆನಾಲ್ಟಿ ತಪ್ಪಿಸಿಕೊಂಡಿದ್ದ ಗ್ಯಾರೆತ್ ಸೌತ್‌ಗೇಟ್ ಮುಂದೆ ತಂಡದ ವ್ಯವಸ್ಥಾಪಕರಾದರು. ಶೂಟೌಟ್ ಬರಿ ಅದೃಷ್ಟದಾಟ ಎಂಬ ಮಾತನ್ನು ಅವರು ಒಪ್ಪಲಿಲ್ಲ. ಅದಕ್ಕೆಂದೇ ತಾಲೀಮು ನಡೆಸಿದರು. 2018ರಲ್ಲಿ ಮಾಸ್ಕೋದಲ್ಲಿ ಕೊಲಂಬಿಯಾ ವಿರುದ್ಧ ಹೆಂಡರ್‌ಸನ್ ಹೊಡೆತವನ್ನು ಗೋಲ್‌ಕೀಪರ್ ತಡೆದರೂ ಉಳಿದವರು ಕಂಗೆಡಲಿಲ್ಲ. ಇಂಗ್ಲೆಂಡ್ 4–3ರಿಂದ ಗೆದ್ದಿತು.

ಈ ತಾಲೀಮಿನ ತಿರುಳು ಒಂದು ನಿಗದಿತ ಕ್ರಮ. ಯಾವ ಮೂಲೆಗೆ ಹೊಡೆಯಬೇಕು ಎಂಬುದನ್ನು ಚೆಂಡಿನತ್ತ ನಡೆಯುವ ಮುಂಚೆಯೇ ತೀರ್ಮಾನಿಸಬೇಕು. ಚೆಂಡನ್ನು ಸ್ವತಃ ಇಟ್ಟು, ಗೋಲಿಗೆ ಬೆನ್ನು ಹಾಕದೆ ಹಿಂದಕ್ಕೆ ಹೆಜ್ಜೆ ಇಡಬೇಕು. ಸೀಟಿ ಕೇಳಿದ ಮೇಲೆ ಒಮ್ಮೆ ಉಸಿರು ಪೂರ್ತಿ ಹೊರಬಿಟ್ಟು, ಗುರಿಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಓಡಬೇಕು. ಪಾದವನ್ನು ಹೇಗೆ ತಿರುಗಿಸಲಿ ಎಂದು ಆಗ ಯೋಚಿಸಿದರೆ, ವರ್ಷಗಳ ಅಭ್ಯಾಸದಿಂದ ತಾನಾಗಿ ನಡೆಯುವ ಚಲನೆ ಮುಗ್ಗರಿಸುತ್ತದೆ.

ಆದರೆ ಬರಿದೇ ನಿಧಾನಿಸಿದರೆ ಚೆಂಡು ಗೋಲು ಸೇರುವುದಿಲ್ಲ. ಅವಸರ ಭಯದ ಲಕ್ಷಣ, ಹಾಗಾಗಿ ಕಾಯುವ ಹೊತ್ತಿನಲ್ಲಿ ಮನಸ್ಸು ಮೂಲೆ ಬದಲಿಸುತ್ತಿದ್ದರೆ ಕಾದದ್ದೇ ಮುಳುವಾಗುತ್ತದೆ. ಒಳ್ಳೆಯ ಸಿದ್ಧತೆಗೂ ಮಿತಿಯಿದೆ. 2021ರಲ್ಲಿ ನಡೆದ ಯೂರೋ ಫೈನಲ್‌ನಲ್ಲಿ ಪೆನಾಲ್ಟಿಗೆಂದೇ ಹೆಚ್ಚುವರಿ ಅವಧಿಯ ಕೊನೆಯಲ್ಲಿ ರ್‍ಯಾಶ್‌ಫರ್ಡ್ ಮತ್ತು ಸ್ಯಾಂಚೊ ಅವರನ್ನು ಇಳಿಸಲಾಯಿತು. ಆಟದ ಲಯ ಹಿಡಿಯಲು ಅವರಿಗೆ ಸಮಯವೇ ಸಿಗಲಿಲ್ಲ. ಇಬ್ಬರೂ ಗೋಲು ತಪ್ಪಿಸಿಕೊಂಡರು, ಕೊನೆಗೆ ಸಾಕಾ ಕೂಡ. ಅದೇ ಸಾಕಾ 2024ರಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ ಗುರಿ ಮುಟ್ಟಿಸಿದರು. ಅಂದು ಇಂಗ್ಲೆಂಡಿನ ಐದೂ ಹೊಡೆತಗಳು ಗೋಲಾದವು.

ತಮ್ಮ ಆಟಗಾರನಿಗೆ ಈ ತೊಂದರೆ ಇದೆಯೇ ಎಂದು ಯಾವ ಕೋಚ್ ಬೇಕಾದರೂ ಮೊಬೈಲ್‌ನಲ್ಲೇ ನೋಡಬಹುದು. ಸೀಟಿಯಿಂದ ಮೊದಲ ಹೆಜ್ಜೆಯವರೆಗಿನ ಸಮಯವನ್ನು ಅಭ್ಯಾಸದಲ್ಲೂ ಪಂದ್ಯದಲ್ಲೂ ಅಳೆಯಿರಿ. ಪಂದ್ಯದಲ್ಲಿ ಅದು ತೀರಾ ಕುಗ್ಗಿದ್ದರೆ ಹೊಡೆತವನ್ನು ತಿದ್ದುವ ಮೊದಲು ಆ ಕಾಯುವಿಕೆಯನ್ನೇ ಅಭ್ಯಾಸ ಮಾಡಿಸಿ.