ಇಪ್ಪತ್ತು ಅಡಿಯ ಹಂಪಿಗೆ ಎಷ್ಟು ಪಿಕ್ಸೆಲ್?

ಅಕ್ಟೋಬರ್ ಬಂತೆಂದರೆ ಪುಣೆಯಲ್ಲಿ ನನಗೊಂದು ಕೆಲಸ ಗ್ಯಾರಂಟಿ. 'ನೀವು ಸಾಫ್ಟ್‌ವೇರ್‌ನವರಲ್ವಾ, ರಾಜ್ಯೋತ್ಸವಕ್ಕೆ ಬ್ಯಾಕ್‌ಡ್ರಾಪ್ ಮಾಡಿಕೊಡಿ' ಎನ್ನುತ್ತಾರೆ ಕನ್ನಡ ಬಳಗದವರು. ಮುಂದೆ ಹಂಪಿಯ ಕಲ್ಲಿನ ರಥ, ಹಿಂದೆ ಜೋಗ, ಮೇಲೆ ಅರಿಸಿನ-ಕುಂಕುಮದ ಬಾವುಟ. ಅಗಲ 20 ಅಡಿ, ಎತ್ತರ 10 ಅಡಿ. ಫ್ಲೆಕ್ಸ್ ಒಮ್ಮೆ ಮುದ್ರಣವಾದರೆ ತಿದ್ದಲಾಗದು. ಆದ್ದರಿಂದ ಮೂರು ಲೆಕ್ಕ ಮೊದಲೇ ಸರಿಯಾಗಬೇಕು.

ಮೊದಲನೆಯದು ರೆಸಲ್ಯೂಷನ್. ಪುಸ್ತಕಕ್ಕೆ ಬಳಸುವ ಇಂಚಿಗೆ 300 ಪಿಕ್ಸೆಲ್ ಇಲ್ಲಿಯೂ ಹಿಡಿದರೆ ಅಗಲವೇ 72,000 ಪಿಕ್ಸೆಲ್ ಆಗುತ್ತದೆ. ಜೆಪೆಗ್ ಕಡತದ ಮಿತಿಯೇ 65,535! ಅಷ್ಟು ಬೇಕಾಗಿಯೂ ಇಲ್ಲ. 15 ಅಡಿ ದೂರದಲ್ಲಿ ಕೂತವರ ಕಣ್ಣು ಇಂಚಿಗೆ ಸುಮಾರು 20 ಪಿಕ್ಸೆಲ್‌ಗಿಂತ ಹೆಚ್ಚನ್ನು ಬಿಡಿಸಿ ನೋಡಲಾರದು. ವೇದಿಕೆ ಏರಿ ಫೋಟೊ ತೆಗೆಸಿಕೊಳ್ಳುವವರೂ ಇರುತ್ತಾರಲ್ಲ, ನಾನು ಕಡತವನ್ನು 50ಕ್ಕೆ ಇಡುತ್ತೇನೆ.

ಆದರೆ ಹಲವು ಫೋಟೊ ಜೋಡಿಸಿದ ಚಿತ್ರದಲ್ಲಿ ಕಡತದ ಅಂಕಿ ಮಾತ್ರ ನಂಬಬಾರದು. ಒಂದೊಂದು ತುಂಡನ್ನೂ ಬೇರೆಯಾಗಿ ಲೆಕ್ಕ ಹಾಕಬೇಕು. ರಥ 8 ಅಡಿ, ಅಂದರೆ 96 ಇಂಚು ಅಗಲ ಬರಬೇಕೆನ್ನಿ. ಫೋನ್‌ನ ಮೂಲ ಫೋಟೊದಲ್ಲಿ ರಥ 4,000 ಪಿಕ್ಸೆಲ್ ಅಗಲವಿದ್ದರೆ ಇಂಚಿಗೆ 41 ಸಿಗುತ್ತದೆ, ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ 1,600 ಆಗಿದ್ದರೆ ಸಿಗುವುದು 16ರಷ್ಟೇ. ಜೋಗ ಸ್ಪಷ್ಟ, ರಥ ಮಸುಕು! ಪರದೆಯ ಮೇಲೆ 100% ಹಿಗ್ಗಿಸಿ ನೋಡಿದರೆ ಇದು ತಿಳಿಯುತ್ತದೆ.

ಎರಡನೆಯದು ಬ್ಲೀಡ್, ಅಂದರೆ ಅಂಚಿನ ಹೆಚ್ಚುವರಿ ಚಿತ್ರ. ಆಹ್ವಾನ ಪತ್ರಿಕೆಗೆ 3 ಮಿಲಿಮೀಟರ್ ಸಾಕು. ಫ್ಲೆಕ್ಸನ್ನು ಚೌಕಟ್ಟಿನ ಹಿಂದಕ್ಕೆ ಮಡಚಿ ಬಿಗಿಯುವುದರಿಂದ ಪ್ರತಿ ಬದಿಗೂ 4 ಇಂಚು ಬಿಡುತ್ತೇನೆ. ಹೀಗಾಗಿ ಕಡತ 248×128 ಇಂಚು, ಅಂದರೆ 12,400×6,400 ಪಿಕ್ಸೆಲ್. ಆಕಾಶ, ನೀರು ಈ ಹೊರ ಅಂಚಿನವರೆಗೂ ಹರಡಿರಬೇಕು. ರಥದ ಚಕ್ರ ಮತ್ತು ಅಕ್ಷರಗಳು ಮಡಿಕೆಯಿಂದ ಕನಿಷ್ಠ 6 ಇಂಚು ಒಳಗಿರಬೇಕು.

ಮೂರನೆಯದು ಬಣ್ಣ. ಹೊಸ ಫೋನ್‌ಗಳ ಫೋಟೊ Display P3 ಪ್ರೊಫೈಲ್‌ನಲ್ಲಿರಬಹುದು, ಜಾಲದಿಂದ ಇಳಿಸಿದ್ದು ಸಾಮಾನ್ಯವಾಗಿ sRGB. ಜೋಡಿಸುವ ಮೊದಲೇ ಎಲ್ಲವನ್ನೂ ಒಂದೇ ಪ್ರೊಫೈಲ್‌ಗೆ ತರಬೇಕು. ಫೋಟೊಶಾಪ್‌ನಲ್ಲಿ ಇದಕ್ಕೆ ಬಳಸಬೇಕಾದದ್ದು Convert to Profile. Assign Profile ಒತ್ತಿದರೆ ಅಂಕಿಗಳು ಹಾಗೇ ಉಳಿದು ಬಣ್ಣ ಬದಲಾಗುತ್ತದೆ. ಸಿಎಂವೈಕೆಗೆ ನಾವೇ ಬದಲಿಸುವ ಅವಸರ ಬೇಡ. ತಂತ್ರಾಂಶದಲ್ಲಿ ಮೊದಲೇ ಇರುವ ಸಿಎಂವೈಕೆ ಪ್ರೊಫೈಲ್‌ಗಳು ಹೆಚ್ಚಾಗಿ ಆಫ್‌ಸೆಟ್ ಕಾಗದಕ್ಕಾಗಿ ಮಾಡಿದಂಥವು. ಮುದ್ರಕರು ತಮ್ಮ ಯಂತ್ರದ ಪ್ರೊಫೈಲ್ ಕೊಟ್ಟರೆ ಅದು, ಇಲ್ಲದಿದ್ದರೆ ಪ್ರೊಫೈಲ್ ಅಡಕವಾಗಿರುವ sRGB ಕಡತ.

ಪರದೆಯ ಹೊಳೆಯುವ ಕುಂಕುಮ ಬಣ್ಣ ಶಾಯಿಯಲ್ಲಿ ತುಸು ಮಂಕಾಗುವುದು ಸಹಜ. ಅದಕ್ಕೇ ಬಾವುಟ ಮತ್ತು ರಥ ಎರಡೂ ಬರುವ ಒಂದಡಿ ಪಟ್ಟಿಯನ್ನು ನಿಜವಾದ ಅಳತೆಯಲ್ಲೇ ಮೊದಲು ಮುದ್ರಿಸಿಕೊಂಡು, ಸಭಾಂಗಣದ ಬೆಳಕಿನಲ್ಲಿ 15 ಅಡಿ ದೂರ ನಿಂತು ನೋಡುತ್ತೇನೆ. ಅದು ಒಪ್ಪಿಗೆಯಾದ ಮೇಲೆಯೇ ಪೂರ್ತಿ ಫ್ಲೆಕ್ಸ್‌ಗೆ ಹೇಳುವುದು.