ಹೊಗೆಯ ಬಲ, ಕ್ಷಣದ ತಡ

ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಸಣ್ಣ ಡೀಸೆಲ್ ಕಾರು ಏರುತ್ತಿದೆ. ಆಕ್ಸಿಲರೇಟರ್ ಒತ್ತಿದರೂ ಒಂದು ಕ್ಷಣ ಜೋರು ಬರುವುದಿಲ್ಲ. ಆಮೇಲೆ ಒಮ್ಮೆಲೇ ಮುನ್ನುಗ್ಗುತ್ತದೆ. ಇದೇ ಟರ್ಬೊ ಲ್ಯಾಗ್.

ಎಂಜಿನ್ ಉಗುಳುವ ಬಿಸಿ ಹೊಗೆಯಲ್ಲಿ ಇನ್ನೂ ಸಾಕಷ್ಟು ಶಕ್ತಿ ಉಳಿದಿರುತ್ತದೆ. ಸೈಲೆನ್ಸರ್‌ಗೆ ಹೋಗುವ ಮುನ್ನ ಅದು ಟರ್ಬೈನ್ ಎಂಬ ಪುಟ್ಟ ಚಕ್ರವನ್ನು ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿಸಬಲ್ಲದು. ಅದೇ ದಂಡದ ಇನ್ನೊಂದು ತುದಿಯ ಕಂಪ್ರೆಸರ್ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಹೆಚ್ಚು ಡೀಸೆಲ್ ಉರಿಸಬಹುದು; ಎಂಜಿನ್ ಗಾತ್ರ ಅಷ್ಟೇ, ಬಲ ಮಾತ್ರ ಹೆಚ್ಚು.

ತಿರುವಿನಲ್ಲಿ ಎಂಜಿನ್ ನಿಮಿಷಕ್ಕೆ 1,200 ಸುತ್ತಿಗೆ ಇಳಿದಾಗ ಹೊಗೆ ಸಾಲದು, ಚಕ್ರ ನಿಧಾನಿಸುತ್ತದೆ. ಮತ್ತೆ ವೇಗ ಹಿಡಿಯಲು ಅದಕ್ಕೆ ಹೊಗೆ ಬೇಕು. ಹೊಗೆ ಬರಲು ಎಂಜಿನ್ ದುಡಿಯಬೇಕು. ತಿರುವಿಗೆ ಮುಂಚೆಯೇ ಕೆಳಗಿನ ಗೇರಿಗೆ ಇಳಿಸಿ, ಸುತ್ತನ್ನು 2,000ದ ಆಸುಪಾಸಿನಲ್ಲಿ ಉಳಿಸಿಕೊಂಡರೆ ಈ ಕಾಯುವಿಕೆ ಬಹುಮಟ್ಟಿಗೆ ತಪ್ಪುತ್ತದೆ.